ರೀಬಾಂಡಿಂಗ್ ಆದ ಒಂಬತ್ತನೇ ದಿನ ಬಣ್ಣ ಕೇಳಿ ಬಂದವರು: ಒಂದು ಪ್ರಕರಣ ಅಧ್ಯಯನ

ದಾವಣಗೆರೆಯ ಶಾಲಾ ಶಿಕ್ಷಕಿಯೊಬ್ಬರು ನಮ್ಮ ಸಲೂನ್‌ಗೆ ಬಂದಾಗ ಅವರ ಕೂದಲಿಗೆ ಬೇರೊಂದು ಪಾರ್ಲರ್‌ನಲ್ಲಿ ರೀಬಾಂಡಿಂಗ್ ಆಗಿ 9 ದಿನ ಕಳೆದಿತ್ತು. ಅವರ ವಯಸ್ಸು 38. ಮೂರು ವಾರಗಳಲ್ಲಿ ತಂಗಿಯ ಮದುವೆಯಿತ್ತು. ಅಷ್ಟರೊಳಗೆ ಎರಡು ಕೆಲಸ ಆಗಬೇಕೆಂದು ಅವರು ಕೇಳಿದರು. ಕಣತಲೆಯ ಬಳಿ ಮತ್ತು ಬೈತಲೆಯ ಉದ್ದಕ್ಕೂ ಕಾಣುತ್ತಿದ್ದ ನರೆ ಮುಚ್ಚಬೇಕು, ಉಳಿದ ಕೂದಲಿನಲ್ಲಿ ಜೇನುಬಣ್ಣದ ಹೈಲೈಟ್ಸ್ ಬರಬೇಕು. ರೀಬಾಂಡಿಂಗ್ ಮಾಡಿದವರು ಎರಡು ವಾರ ಬಿಟ್ಟು ಯಾವ ಬಣ್ಣ ಬೇಕಾದರೂ ಹಚ್ಚಿಸಿಕೊಳ್ಳಬಹುದೆಂದು ಹೇಳಿ ಕಳಿಸಿದ್ದರು. ಹಾಗಾಗಿ ಇನ್ನೈದು ದಿನ ಬಿಟ್ಟು ಬರುವುದಕ್ಕೆ ಒಂದು ಸಮಯ ಗೊತ್ತುಮಾಡಿಕೊಡಿ ಎಂಬುದಷ್ಟೇ ಅವರ ಬೇಡಿಕೆಯಾಗಿತ್ತು.

ಎರಡು ವಾರದ ನಿಯಮ ಸುಳ್ಳಲ್ಲ. ರಾಸಾಯನಿಕವಾಗಿ ನೇರಗೊಳಿಸಿದ ಕೂದಲಿಗೆ ಕನಿಷ್ಠ ಎರಡು ವಾರ ಬಣ್ಣ ಹಚ್ಚಬಾರದೆಂಬುದು ನಮ್ಮ ಕಸುಬಿನಲ್ಲಿ ಎಲ್ಲೆಡೆ ಹೇಳಿಕೊಡುವ ಮಾತು. ಆದರೆ ಆ ಎರಡು ವಾರದಲ್ಲಿ ಕೂದಲು ಚೇತರಿಸಿಕೊಳ್ಳುತ್ತದೆ ಎಂದು ಅದನ್ನು ಅರ್ಥ ಮಾಡಿಕೊಂಡರೆ ಇಡೀ ಲೆಕ್ಕಾಚಾರವೇ ತಪ್ಪುತ್ತದೆ. ನೆತ್ತಿಯಿಂದ ಹೊರಗೆ ಬಂದ ಕೂದಲು ಜೀವವಿಲ್ಲದ ನಾರು. ಅದಕ್ಕೆ ರಕ್ತ ಹರಿಯುವುದಿಲ್ಲ, ಅದರಲ್ಲಿ ಹೊಸ ಕೋಶ ಹುಟ್ಟುವುದಿಲ್ಲ, ಆದ್ದರಿಂದ ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಹಾಗಿದ್ದರೆ ಕಾಯುವುದೇಕೆ, ಎಷ್ಟು ದಿನ ಕಾಯಬೇಕು, ಯಾವ ಕೆಲಸಕ್ಕೆ ಎಷ್ಟು ಕಾದರೂ ಸಾಲದು ಎಂಬುದನ್ನು ಈ ಒಂದು ಪ್ರಕರಣ ಸಾಕಷ್ಟು ಸ್ಪಷ್ಟವಾಗಿ ತೋರಿಸಿತು.

ಕೂದಲಿನ ಪೂರ್ವಚರಿತ್ರೆ

ನಾನು ಮೊದಲು ಕೇಳಿದ್ದು ಏನು ಮಾಡಿಸಿದ್ದೀರಿ ಎಂದಲ್ಲ, ಹೇಗೆ ಮಾಡಿದರು ಎಂದು. ಈಗ ಪಾರ್ಲರ್‌ಗಳಲ್ಲಿ ಸ್ಟ್ರೈಟ್ನಿಂಗ್, ಸ್ಮೂದನಿಂಗ್, ರೀಬಾಂಡಿಂಗ್, ಕೆರಾಟಿನ್ ಎಂಬ ಹೆಸರುಗಳನ್ನು ಒಂದರ ಬದಲು ಇನ್ನೊಂದರಂತೆ ಬಳಸುತ್ತಾರೆ. ಅದರಿಂದಾಗಿ ಗಿರಾಕಿ ಹೇಳುವ ಹೆಸರಿನಿಂದ ಒಳಗೆ ಯಾವ ರಾಸಾಯನಿಕವಿತ್ತೆಂದು ತಿಳಿಯುವುದಿಲ್ಲ. ಮಾಡಿದ ಕ್ರಮದಿಂದ ತಿಳಿಯುತ್ತದೆ. ಇವರಿಗೆ ಮೊದಲು ಗಾಢ ವಾಸನೆಯ ಕ್ರೀಮ್ ಹಚ್ಚಿ, ತೊಳೆದು, ಒಣಗಿಸಿ, ಸಣ್ಣ ಸಣ್ಣ ಭಾಗ ಮಾಡಿ ಇಸ್ತ್ರಿ ಮಾಡಿದ್ದರು. ಆಮೇಲೆ ಎರಡನೇ ಕ್ರೀಮ್ ಹಚ್ಚಿ ತೊಳೆದಿದ್ದರು. ಎರಡು ಕ್ರೀಮ್‌ಗಳ ನಡುವೆ ಇಸ್ತ್ರಿ ಬಂದರೆ ಅದು ಥಯೋಗ್ಲೈಕೋಲೇಟ್ ಬಗೆಯ ರೀಬಾಂಡಿಂಗ್ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಹಚ್ಚಿದ ದ್ರವವನ್ನು ತೊಳೆಯದೆ ಒಣಗಿಸಿ, ಅದರ ಮೇಲೆಯೇ ಇಸ್ತ್ರಿ ಎಳೆದು, ಏಳುವ ಹೊಗೆ ಕಣ್ಣಿಗೆ ಚುರುಗುಟ್ಟಿದರೆ ಅದು ಕೆರಾಟಿನ್ ಬಗೆಯದು. ಇಸ್ತ್ರಿಯೇ ಇಲ್ಲದೆ, ಒಂದೇ ಕ್ರೀಮ್ ಸ್ವಲ್ಪ ಹೊತ್ತಿನಲ್ಲಿ ಕೂದಲನ್ನು ನೇರ ಮಾಡಿ, ಬಳಿಕ ನ್ಯೂಟ್ರಲೈಸಿಂಗ್ ಶಾಂಪೂ ಹಾಕಿ ತೊಳೆದರೆ ಅದು ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಗ್ವಾನಿಡಿನ್ ಹೈಡ್ರಾಕ್ಸೈಡ್ ಇರುವ ರಿಲ್ಯಾಕ್ಸರ್. ಬಿಗಿ ಸುರುಳಿಯ ಆಫ್ರಿಕನ್ ಮೂಲದ ಕೂದಲಿಗೆ ಅದನ್ನು ಹೆಚ್ಚು ಬಳಸುತ್ತಾರೆ, ನಮ್ಮಲ್ಲಿ ಕಡಿಮೆ.

ಇದು ಅವರ ಎರಡನೇ ರೀಬಾಂಡಿಂಗ್. ಮೊದಲನೆಯದು 14 ತಿಂಗಳ ಹಿಂದೆ ಪೂರ್ತಿ ಕೂದಲಿಗೆ ಆಗಿತ್ತು. ಈ ಬಾರಿ ಬುಡದಲ್ಲಿ ಬೆಳೆದ ಹೊಸ ಕೂದಲಿಗೆ ಮಾತ್ರ ಮಾಡುತ್ತೇವೆಂದು ಹೇಳಿದ್ದರೂ, ಒರಟಾಗಿ ಕಂಡ ತುದಿಗಳೂ ನುಣುಪಾಗಲಿ ಎಂದು ಕ್ರೀಮನ್ನು ಕೆಳಗಿನವರೆಗೂ ಬಾಚಿ ಎಳೆದಿದ್ದರು. ಇದರ ಜೊತೆಗೆ ಅವರು ಮನೆಯಲ್ಲಿ ಸುಮಾರು ಆರು ವಾರಕ್ಕೊಮ್ಮೆ ಪ್ಯಾಕೆಟ್‌ನ ಕಪ್ಪು ಡೈ ಹಚ್ಚಿಕೊಳ್ಳುತ್ತಿದ್ದರು. ಬುಡಕ್ಕೆ ಹಚ್ಚಿ, ಉಳಿದದ್ದನ್ನು ತುದಿಯವರೆಗೆ ಸವರುವುದು ಅವರ ರೂಢಿ. ಕೊನೆಯ ಸಲ ಹಚ್ಚಿದ್ದು ರೀಬಾಂಡಿಂಗ್‌ಗೆ ಮೂರು ವಾರ ಮೊದಲು.

ರೀಬಾಂಡಿಂಗ್ ಕ್ರೀಮ್ ಕ್ಷಾರೀಯವಾಗಿರುತ್ತದೆ, ಅದರ ಪಿಎಚ್ ಸಾಮಾನ್ಯವಾಗಿ 9ರ ಆಸುಪಾಸಿನಲ್ಲಿರುತ್ತದೆ. ಅದು ಕೂದಲನ್ನು ಉಬ್ಬಿಸುವಾಗ ಒಳಗಿದ್ದ ಡೈ ಸಹ ಒಂದಷ್ಟು ಹೊರಬರುತ್ತದೆ. ಇವರ ಕಪ್ಪು ಅಲ್ಲಲ್ಲಿ ಮಾಸಿ ತಾಮ್ರದ ಛಾಯೆಗೆ ತಿರುಗಿತ್ತು. ಬಣ್ಣಕ್ಕೆ ಅವರು ಅವಸರಪಡಲು ಮದುವೆಯಷ್ಟೇ ಅಲ್ಲ, ಈ ಮಾಸಿದ ಬಣ್ಣವೂ ಕಾರಣವಾಗಿತ್ತು. ಎರಡೂ ಬೇಕಾದವರು ಮೊದಲು ನೇರ ಮಾಡಿಸಿ ಆಮೇಲೆ ಬಣ್ಣ ಹಚ್ಚಿಸಬೇಕು ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ಕ್ರಮ ತಿರುಗಿದರೆ ಬಣ್ಣದ ದುಡ್ಡು ನೀರಿನಲ್ಲಿ ಹೋಗುತ್ತದೆ, ಅದನ್ನು ಮತ್ತೆ ಸರಿಮಾಡಲು ಇನ್ನೊಂದು ಸಲ ರಾಸಾಯನಿಕ ತಾಗಬೇಕಾಗುತ್ತದೆ.

ಬೈತಲೆಯಿಂದ ತುದಿಗೆ ಅಳೆದಾಗ ಕೂದಲು ಸುಮಾರು 50 ಸೆಂಟಿಮೀಟರ್ ಇತ್ತು. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ ಎಂದು ಹಿಡಿದರೆ, ತುದಿಯ ಕೂದಲು ನಾಲ್ಕು ವರ್ಷಕ್ಕಿಂತ ಹಳೆಯದು. ಈ ಒಂದು ಲೆಕ್ಕದಿಂದ ತಲೆಯ ನಕ್ಷೆ ಸಿಕ್ಕಿಬಿಡುತ್ತದೆ. ಬುಡದಿಂದ 14 ಸೆಂಟಿಮೀಟರ್‌ವರೆಗಿನ ಭಾಗ ಒಂದು ರೀಬಾಂಡಿಂಗ್ ಕಂಡಿದೆ. ಅಲ್ಲಿಂದ ಕೆಳಗಿನದೆಲ್ಲವೂ ಎರಡು ರೀಬಾಂಡಿಂಗ್ ಕಂಡಿದೆ, ಜೊತೆಗೆ ಕೆಳಕ್ಕೆ ಹೋದಷ್ಟೂ ಡೈ ತಾಗಿದ ಸಲಗಳೂ ಹೆಚ್ಚುತ್ತವೆ. ಕನ್ನಡಿಯಲ್ಲಿ ಒಂದೇ ಹೊಳಪಿನಿಂದ ಇಳಿಬಿದ್ದಂತೆ ಕಾಣುವ ಕೂದಲು ವಾಸ್ತವದಲ್ಲಿ ಬೇರೆ ಬೇರೆ ಶಕ್ತಿಯ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದಂತಿರುತ್ತದೆ. ಬಣ್ಣದ ಬಗ್ಗೆ ನಿರ್ಧರಿಸುವಾಗ ಪ್ರತಿ ಪಟ್ಟಿಯನ್ನೂ ಬೇರೆಯಾಗಿಯೇ ನೋಡಬೇಕು.

ಎರಡು ವಾರದಲ್ಲಿ ಏನಾಗುತ್ತದೆ, ಏನಾಗುವುದಿಲ್ಲ

ಕೂದಲಿಗೆ ಗಟ್ಟಿತನ ಕೊಡುವುದು ಕೆರಾಟಿನ್ ಪ್ರೋಟೀನಿನ ಎಳೆಗಳ ನಡುವಿನ ಗಂಧಕದ ಕೊಂಡಿಗಳು, ಅಂದರೆ ಡೈಸಲ್ಫೈಡ್ ಬಂಧಗಳು. ರೀಬಾಂಡಿಂಗ್‌ನ ಮೊದಲ ಕ್ರೀಮ್ ಇವುಗಳಲ್ಲಿ ಒಂದು ಪಾಲನ್ನು ಬಿಚ್ಚುತ್ತದೆ, ಇಸ್ತ್ರಿ ಎಳೆಗಳನ್ನು ನೇರವಾಗಿ ಕೂರಿಸುತ್ತದೆ, ಎರಡನೇ ಕ್ರೀಮ್ ಬಿಚ್ಚಿದ ಕೊಂಡಿಗಳನ್ನು ಹೊಸ ಜಾಗದಲ್ಲಿ ಮತ್ತೆ ಬೆಸೆಯುತ್ತದೆ. ಬಿಚ್ಚಿದ್ದೆಲ್ಲವೂ ಮತ್ತೆ ಬೆಸೆದುಕೊಳ್ಳುವುದಿಲ್ಲ. ಕೆಲವು ತೆರೆದೇ ಉಳಿಯುತ್ತವೆ, ಕೆಲವು ಉತ್ಕರ್ಷಣೆಗೊಂಡು ಸಿಸ್ಟೆಯಿಕ್ ಆಮ್ಲವಾಗಿ ಮಾರ್ಪಡುತ್ತವೆ. ಹಾಗೆ ಮಾರ್ಪಟ್ಟದ್ದು ಇನ್ನೆಂದೂ ಕೊಂಡಿಯಾಗುವುದಿಲ್ಲ.

ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಎರಡನೇ ಕ್ರೀಮಿನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಜನ್ ಪೆರಾಕ್ಸೈಡ್. ಬಣ್ಣದ ಜೊತೆ ಬೆರೆಸುವ ಡೆವಲಪರ್‌ನಲ್ಲಿ ಇರುವುದೂ ಅದೇ. ಹಾಗಾಗಿ ರೀಬಾಂಡಿಂಗ್ ಮುಗಿಸಿ ಎದ್ದವರ ಕೂದಲು ಆಗಲೇ ಒಂದು ಸಲ ಪೆರಾಕ್ಸೈಡ್ ಕಂಡಿರುತ್ತದೆ, ಬಣ್ಣವೆಂದರೆ ಅದೇ ಕೂದಲಿಗೆ ಮತ್ತೊಮ್ಮೆ ಕ್ಷಾರ, ಮತ್ತೊಮ್ಮೆ ಪೆರಾಕ್ಸೈಡ್. ಅಮೋನಿಯಾ ಇಲ್ಲದ ಬಣ್ಣವಾದರೆ ಅದೇ ದಿನ ಹಚ್ಚಬಹುದೆಂದು ಹೇಳುವವರಿದ್ದಾರೆ. ಅಂಥ ಶಾಶ್ವತ ಬಣ್ಣಗಳಲ್ಲಿ ಅಮೋನಿಯಾದ ಬದಲಿಗೆ ಹೆಚ್ಚಾಗಿ ಎಥನಾಲಮೈನ್ ಎಂಬ ಇನ್ನೊಂದು ಕ್ಷಾರವಿರುತ್ತದೆ. ವಾಸನೆ ಕಡಿಮೆಯಾಗುತ್ತದೆ ಅಷ್ಟೇ. ಕೂದಲು ಉಬ್ಬುವುದು ತಪ್ಪುವುದಿಲ್ಲ, ಪೆರಾಕ್ಸೈಡ್ ಕೂಡ ಇದ್ದೇ ಇರುತ್ತದೆ.

ಎರಡು ವಾರದ ಕಾಯುವಿಕೆಯಲ್ಲಿ ನಿಜವಾಗಿ ಚೇತರಿಸಿಕೊಳ್ಳುವುದು ನೆತ್ತಿಯ ಚರ್ಮ. ಅದಕ್ಕೆ ಜೀವವಿದೆ, ಅದು ಮಾಯುತ್ತದೆ, ತೊಳೆದುಹೋದ ಸಹಜ ಜಿಡ್ಡನ್ನು ಮತ್ತೆ ಸ್ರವಿಸುತ್ತದೆ. ಈ ಶಿಕ್ಷಕಿಯ ಬೈತಲೆಯಲ್ಲಿ ಕ್ರೀಮ್ ತಾಗಿ ಆದ ಗಾಯ ಹಕ್ಕಳೆಗಟ್ಟಿತ್ತು, ಬಲ ಕಿವಿಯ ಹಿಂದೆ ಚರ್ಮ ಕೆಂಪಾಗಿತ್ತು. ಕಪ್ಪು ಮತ್ತು ಕಡುಕಂದು ಡೈಗಳಲ್ಲಿ ಬಹುಪಾಲು ಪಿಪಿಡಿ ಅಥವಾ ಅದಕ್ಕೆ ಹತ್ತಿರದ ರಾಸಾಯನಿಕಗಳಿರುತ್ತವೆ. ಅವು ಅಲರ್ಜಿ ತರಬಲ್ಲವು, ಮತ್ತು ಚರ್ಮ ಒಡೆದಿರುವ ಕಡೆ ಒಳಗಿಳಿಯುವುದು ಸುಲಭ. ಬೇರೆ ಯಾವ ಕಾರಣ ಇಲ್ಲದಿದ್ದರೂ, ಆ ಹಕ್ಕಳೆ ಒಣಗಿ ತಾನಾಗಿ ಉದುರುವವರೆಗೆ ಬುಡಕ್ಕೆ ಬಣ್ಣ ಮುಟ್ಟಿಸುವಂತಿರಲಿಲ್ಲ.

ಕಾಯುವುದರ ಎರಡನೇ ಪ್ರಯೋಜನ, ನನ್ನ ಅನುಭವದಲ್ಲಿ ಇದೇ ದೊಡ್ಡದು, ಕೂದಲಿನ ನಿಜ ಸ್ಥಿತಿ ಬಯಲಾಗುವುದು. ರೀಬಾಂಡಿಂಗ್ ಮುಗಿದ ದಿನ ಸಿಲಿಕೋನ್ ಸೀರಮ್ ಮತ್ತು ಇಸ್ತ್ರಿಯ ಹೊಳಪು ಎಲ್ಲವನ್ನೂ ಮುಚ್ಚಿರುತ್ತದೆ, ಮೊದಲ ಮೂರು ದಿನ ತಲೆಗೆ ನೀರೇ ಹಾಕಬಾರದೆಂದು ಹೇಳಿರುತ್ತಾರೆ. ನಾಲ್ಕೈದು ಸಲ ತಲೆ ತೊಳೆದ ಮೇಲೆ ಆ ಲೇಪ ಇಳಿದು, ಎಲ್ಲಿ ಒರಟಾಗಿದೆ, ಎಲ್ಲಿ ತುಂಡಾಗುತ್ತಿದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಅಷ್ಟರೊಳಗೆ ಬಣ್ಣ ಹಚ್ಚಿದರೆ ಆಮೇಲೆ ಬರುವ ಹಾನಿ ಯಾವುದರಿಂದ ಬಂತೆಂದು ಗಿರಾಕಿಗೂ ತಿಳಿಯುವುದಿಲ್ಲ, ಮಾಡಿದವರಿಗೂ ತಿಳಿಯುವುದಿಲ್ಲ.

ಇಷ್ಟರ ಆಚೆಗೆ ಎರಡು ವಾರಕ್ಕೂ ಎರಡು ತಿಂಗಳಿಗೂ ತುದಿಯ ಕೂದಲಿನ ಮಟ್ಟಿಗೆ ವ್ಯತ್ಯಾಸವಿಲ್ಲ. ಎರಡು ಸಲ ಬಿಚ್ಚಿ ಬೆಸೆದ ಕೂದಲು ವರ್ಷ ಕಳೆದರೂ ಎರಡು ಸಲ ಬಿಚ್ಚಿ ಬೆಸೆದ ಕೂದಲಾಗಿಯೇ ಇರುತ್ತದೆ. ಅದು ಬದಲಾಗುವುದು ಕತ್ತರಿ ಅದನ್ನು ತೆಗೆದು, ಬುಡದಿಂದ ಹೊಸದು ಬಂದಾಗ ಮಾತ್ರ. ಆದ್ದರಿಂದ ದೊಡ್ಡ ನಿರ್ಧಾರಗಳಿಗೆ ಕ್ಯಾಲೆಂಡರ್‌ಗಿಂತ ಅಳತೆಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆಗಳು

ಮೊದಲ ಭೇಟಿಯಲ್ಲಿ ಬಣ್ಣದ ಬಟ್ಟಲು ಹೊರಗೆ ಬರಲಿಲ್ಲ, ಪರೀಕ್ಷೆಗಳಷ್ಟೇ ನಡೆದವು. ಒದ್ದೆ ಕೂದಲಿನ ಎಳೆಯೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುವುದು ಇವುಗಳಲ್ಲಿ ಅತ್ಯಂತ ಸರಳವಾದದ್ದು. ಒಳ್ಳೆಯ ಸ್ಥಿತಿಯ ಎಳೆ ಒದ್ದೆಯಿದ್ದಾಗ ತನ್ನ ಉದ್ದದ ಮೂರನೇ ಒಂದು ಪಾಲಿನಷ್ಟು ಹಿಗ್ಗಿ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ಇವರ ಕೂದಲು ಬುಡದ ಕಡೆ ಹಾಗೆಯೇ ವರ್ತಿಸಿತು. ನಡುಭಾಗದಲ್ಲಿ ಹಿಗ್ಗಿದ್ದು ನಿಧಾನವಾಗಿ, ಪೂರ್ತಿಯಲ್ಲದೆ ಹಿಂದಿರುಗಿತು. ಕೊನೆಯ 15 ಸೆಂಟಿಮೀಟರ್‌ನಲ್ಲಿ ಎಳೆ ಹಿಗ್ಗಿ ಹಾಗೆಯೇ ಉಳಿಯಿತು, ಇನ್ನಷ್ಟು ಎಳೆದಾಗ ತುಂಡಾಯಿತು.

ಬಾಚಣಿಗೆಯಲ್ಲಿ ಬಂದ ಕೂದಲನ್ನೂ ಬಿಳಿ ಟವೆಲ್ ಮೇಲೆ ಹರಡಿ ನೋಡಿದೆವು. ಸಹಜವಾಗಿ ಉದುರಿದ ಕೂದಲಿನ ಒಂದು ತುದಿಯಲ್ಲಿ ಬಿಳಿಯ ಪುಟ್ಟ ಗಡ್ಡೆ ಇರುತ್ತದೆ, ಅದು ದಿನವೂ ಎಲ್ಲರಲ್ಲೂ ನಡೆಯುವ ಸಂಗತಿ. ತುಂಡಾದ ಕೂದಲಿಗೆ ಗಡ್ಡೆ ಇರುವುದಿಲ್ಲ, ಉದ್ದವೂ ಗಿಡ್ಡ. ಇವರದರಲ್ಲಿ ಎರಡೂ ಇದ್ದವು, ಗಿಡ್ಡ ತುಂಡುಗಳು ಬಹುಪಾಲು ತುದಿಯ ಭಾಗದವು. ಕೂದಲು ಉದುರುತ್ತಿದೆ ಎಂದು ಗಾಬರಿಯಾಗಿ ಬರುವವರಿಗೆ ಈ ಒಂದು ವ್ಯತ್ಯಾಸವನ್ನು ತೋರಿಸಿಕೊಟ್ಟರೆ, ಆಮೇಲೆ ಅವರು ಮನೆಯಲ್ಲಿಯೇ ಇದನ್ನು ಗಮನಿಸಬಲ್ಲರು.

ಮುಖ್ಯವಾದ ಪರೀಕ್ಷೆ ಕತ್ತರಿಸಿದ ಎಳೆಗಳ ಮೇಲೆ ನಡೆಯಿತು. ಕತ್ತಿನ ಹಿಂಭಾಗದಲ್ಲಿ, ಮೇಲಿನ ಕೂದಲಿನಡಿ ಮುಚ್ಚಿಹೋಗುವ ಕಡೆಯಿಂದ, ಬುಡದಿಂದ ತುದಿಯವರೆಗೆ ಉದ್ದವಿರುವ ಎರಡು ತೆಳು ಜೊಂಪೆಗಳನ್ನು ತೆಗೆದು ದಾರ ಕಟ್ಟಿದೆವು. ಒಂದಕ್ಕೆ ಬ್ಲೀಚ್ ಪುಡಿಯನ್ನು 6 ಶೇಕಡಾ, ಅಂದರೆ 20 ವಾಲ್ಯೂಮ್ ಡೆವಲಪರ್‌ನಲ್ಲಿ ಕಲಸಿ ಹಚ್ಚಿದೆವು. ಇನ್ನೊಂದಕ್ಕೆ ಶಾಶ್ವತ ಬಣ್ಣಕ್ಕಿಂತ ಮೆದುವಾದ ಡೆಮಿ ಪರ್ಮನೆಂಟ್ ಕಡುಕಂದು ಬಣ್ಣವನ್ನು 3 ಶೇಕಡಾ ಡೆವಲಪರ್‌ನಲ್ಲಿ ಬೆರೆಸಿ ಹಚ್ಚಿದೆವು.

ಬ್ಲೀಚ್ ಹಚ್ಚಿದ ಜೊಂಪೆ 20 ನಿಮಿಷದಲ್ಲಿ ಬುಡದ ಕಡೆ ಕಿತ್ತಳೆಗೆ ತಿರುಗಿತು. ನಡುವೆ ಮನೆಡೈನ ಪದರಗಳು ಬಿಟ್ಟುಕೊಡದೆ ಕೆಂಪುಕೆಂಪಾಗಿ ಮಚ್ಚೆಗಟ್ಟಿತು. ತೊಳೆಯುವಾಗ ತುದಿಯ ಭಾಗ ಬೆರಳಿಗೆ ಲೋಳೆಯಂತೆ ಜಾರಿ, ಅತಿಯಾಗಿ ಬೆಂದ ಶ್ಯಾವಿಗೆಯ ಹಾಗೆ ಹಿಗ್ಗಿ ಹರಿದುಹೋಯಿತು. ನಾನು ಏನನ್ನೂ ವಿವರಿಸುವ ಮೊದಲೇ ಅದನ್ನು ಅವರ ಕೈಗೆ ಕೊಟ್ಟೆ. "ಇದು ನನ್ನ ಕೂದಲೇನಾ ಮೇಡಂ?" ಎಂದು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಹೈಲೈಟ್ಸ್ ವಿಚಾರವನ್ನು ಅವರೇ ಕೈಬಿಟ್ಟರು.

ಬ್ಲೀಚ್ ಇಲ್ಲದೆ, ಬರೀ ತಿಳಿ ಬಣ್ಣ ಹಚ್ಚಿ ಜೇನುಛಾಯೆ ತರಲಾಗದೇ ಎಂದು ಅವರು ಮತ್ತೆ ಕೇಳಿದ್ದು ಸಹಜವೇ. ಡೈ ಹಚ್ಚಿದ ಕೂದಲಿನ ಮೇಲೆ ತಿಳಿ ಡೈ ಕೂರುವುದಿಲ್ಲ. ಶಾಶ್ವತ ಬಣ್ಣ ಕೂದಲಿನ ಸಹಜ ವರ್ಣದ್ರವ್ಯವನ್ನು ಒಂದಿಷ್ಟು ತಿಳಿಗೊಳಿಸಬಲ್ಲದು, ಮೊದಲೇ ಒಳಗೆ ಕಟ್ಟಿಕೊಂಡಿರುವ ಕೃತಕ ಕಪ್ಪನ್ನು ಅದು ಎತ್ತಲಾರದು. ಅದನ್ನು ತೆಗೆಯಲು ಬ್ಲೀಚ್ ಅಥವಾ ಬಣ್ಣ ತೆಗೆಯುವ ಬೇರೆ ರಾಸಾಯನಿಕವೇ ಬೇಕು. ಇವರ ತುದಿಗಳ ಸ್ಥಿತಿ ಕಂಡ ಮೇಲೆ ಎರಡನ್ನೂ ನಾನು ಯೋಚಿಸುವಂತಿರಲಿಲ್ಲ.

ಡೆಮಿ ಬಣ್ಣದ ಜೊಂಪೆ ಬೇರೆಯದೇ ಪಾಠ ಹೇಳಿತು. ಬುಡದ ಕಡೆಯ ನರೆ 25 ನಿಮಿಷಕ್ಕೆ ಚೆನ್ನಾಗಿ ಕಂದಾಯಿತು. ಆದರೆ ತುದಿ 5 ನಿಮಿಷದಲ್ಲೇ ಕಪ್ಪಾಗಿಬಿಟ್ಟಿತು, ಏಕೆಂದರೆ ಹೊರ ಪದರ ಸವೆದ ಕೂದಲು ಬಣ್ಣವನ್ನು ಬೇಗ ಹೀರುತ್ತದೆ. ಅಂಥ ಕೂದಲು ಹೀರಿದಷ್ಟೇ ಬೇಗ ಬಿಟ್ಟುಬಿಡುತ್ತದೆ ಕೂಡ. ಹಾಗಾಗಿ ಬುಡಕ್ಕೂ ತುದಿಗೂ ಒಂದೇ ಮಿಶ್ರಣವನ್ನು ಒಂದೇ ಹೊತ್ತು ಇಟ್ಟರೆ ಮದುವೆಯ ದಿನ ತುದಿ ಮಸಿಯಂತೆ ಕಾಣುತ್ತದೆ, ತಿಂಗಳೊಳಗೆ ಮತ್ತೆ ತಾಮ್ರಕ್ಕಿಳಿಯುತ್ತದೆ. ಬಣ್ಣದ ಜೊಂಪೆ ಎಳೆದಾಗ ಮೊದಲಿನಷ್ಟೇ ತಾಳಿಕೊಂಡಿತು ಎಂಬುದು ಮಾತ್ರ ಸಮಾಧಾನದ ಸಂಗತಿ.

ಅಲರ್ಜಿಯ ಪರೀಕ್ಷೆಯನ್ನು ಅಂದೇ ಮೊಣಕೈಯ ಒಳಬದಿಯಲ್ಲಿ ಮಾಡಿ, 48 ಗಂಟೆ ನೀರು ತಾಗಿಸದೆ ಗಮನಿಸಲು ಹೇಳಿದೆ. ಸಾಮಾನ್ಯವಾಗಿ ಕಿವಿಯ ಹಿಂದೆ ಮಾಡುತ್ತೇವೆ, ಇವರಿಗೆ ಅಲ್ಲಿಯೇ ಕೆಂಪಾಗಿದ್ದರಿಂದ ಜಾಗ ಬದಲಾಯಿಸಬೇಕಾಯಿತು. ವರ್ಷಗಳಿಂದ ಮನೆಯಲ್ಲಿ ಡೈ ಹಚ್ಚಿಕೊಂಡವರಿಗೆ ಈ ಪರೀಕ್ಷೆ ಅನಗತ್ಯವೆನ್ನುವುದು ತಪ್ಪು. ಪಿಪಿಡಿಗೆ ಅಲರ್ಜಿ ಮತ್ತೆ ಮತ್ತೆ ತಾಗುವುದರಿಂದಲೇ ಬೆಳೆಯುತ್ತದೆ, ಹತ್ತು ಸಲ ಏನೂ ಆಗದೆ ಹನ್ನೊಂದನೇ ಸಲ ಮುಖ ಊದಿಕೊಳ್ಳಬಹುದು. ಇವರಿಗೆ ತುರಿಕೆಯಾಗಲಿ ಗುಳ್ಳೆಯಾಗಲಿ ಬರಲಿಲ್ಲ.

ಮಾಡಿದ ಕೆಲಸ

ಬಣ್ಣದ ದಿನವನ್ನು ರೀಬಾಂಡಿಂಗ್ ಆದ 26ನೇ ದಿನಕ್ಕೆ, ಅಂದರೆ ಮದುವೆಗೆ ನಾಲ್ಕು ದಿನ ಮುಂಚೆ ಇಟ್ಟೆವು. ಎರಡು ವಾರವಾದ ಕೂಡಲೇ ಮಾಡಬಹುದಿತ್ತೇನೋ, ಆದರೆ ಹಕ್ಕಳೆ ಪೂರ್ತಿ ಮಾಯಲು ಸಮಯ ಸಿಕ್ಕಿತು, ಬುಡದಲ್ಲಿ ಕ್ರೀಮ್ ಕಾಣದ ಹೊಸ ಕೂದಲೂ ಹತ್ತಿರ ಹತ್ತಿರ 1 ಸೆಂಟಿಮೀಟರ್ ಬಂದಿತು. ಮದುವೆಯ ಹಿಂದಿನ ದಿನ ಯಾವ ಹೊಸ ಬಣ್ಣವನ್ನೂ ಹಚ್ಚಬಾರದೆಂಬುದು ನಮ್ಮ ನಿಯಮ. ಚರ್ಮದಲ್ಲಿ ಏನಾದರೂ ಪ್ರತಿಕ್ರಿಯೆಯಾದರೆ ನೋಡಿಕೊಳ್ಳಲು ಒಂದೆರಡು ದಿನ ಕೈಯಲ್ಲಿರಬೇಕು.

ಆ ಹದಿನೇಳು ದಿನಗಳಲ್ಲಿ ಅವರಿಗೆ ಹೇಳಿದ್ದು ಕೆಲವೇ ಮಾತು. ಸಲ್ಫೇಟ್ ಕಡಿಮೆಯಿರುವ ಶಾಂಪೂವಿನಿಂದ ವಾರಕ್ಕೆ ಎರಡು ಸಲ ತಲೆ ತೊಳೆಯುವುದು, ಪ್ರತಿ ಸಲ ನಡುವಿನಿಂದ ತುದಿಯವರೆಗೆ ಕಂಡೀಷನರ್ ಹಚ್ಚುವುದು, ಒದ್ದೆ ಕೂದಲನ್ನು ಬಿಗಿಯಾಗಿ ಕಟ್ಟದಿರುವುದು, ಇಸ್ತ್ರಿ ಮುಟ್ಟದಿರುವುದು. ಮನೆಯಲ್ಲಿ ಹಿರಿಯರು ಮೆಹೆಂದಿ ಹಚ್ಚಿಕೊಳ್ಳಲು ಹೇಳುತ್ತಿದ್ದಾರೆ, ಅದು ಸಹಜವಾದದ್ದಲ್ಲವೇ ಎಂದು ಅವರು ಫೋನ್ ಮಾಡಿ ಕೇಳಿದರು. ಅಪ್ಪಟ ಗೋರಂಟಿ ಎಲೆಯ ಪುಡಿ ಕೂದಲನ್ನು ಒಡೆಯುವುದಿಲ್ಲ, ಆದರೆ ಅದರ ಕೆಂಪು ಕೂದಲಿಗೆ ಬಲವಾಗಿ ಹಿಡಿದುಕೊಳ್ಳುತ್ತದೆ, ಮುಂದೆ ಹಚ್ಚುವ ಬಣ್ಣದ ಲೆಕ್ಕ ಕೆಡಿಸುತ್ತದೆ. ಅಂಗಡಿಯ ಕಪ್ಪು ಮೆಹೆಂದಿಯ ವಿಷಯವೇ ಬೇರೆ. ಕಪ್ಪು ಬರುವುದು ಗೋರಂಟಿಯಿಂದಲ್ಲ, ಹೆಚ್ಚಾಗಿ ಬೆರೆಸಿದ ಪಿಪಿಡಿಯಿಂದ. ಕೆಲವು ಮಿಶ್ರಣಗಳಲ್ಲಿ ಲೋಹದ ಲವಣಗಳಿರುತ್ತವೆ, ಅಂಥ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಬಿಸಿಯೇರಿ ಕೂದಲು ಕರಗುವುದೂ ಉಂಟು. ಆದ್ದರಿಂದ ಎರಡನ್ನೂ ಬೇಡವೆಂದೆ.

ನಿಗದಿತ ದಿನ ಮೊದಲು ಮುಖದ ಅಂಚಿಗೆ ಮತ್ತು ಕಿವಿಯ ಸುತ್ತ ವ್ಯಾಸಲೀನ್ ಸವರಿ, ಬೈತಲೆ ಮತ್ತು ಕಣತಲೆಯ ಬುಡಕ್ಕೆ ಮಾತ್ರ ಡೆಮಿ ಕಡುಕಂದನ್ನು 3 ಶೇಕಡಾ ಡೆವಲಪರ್‌ನೊಂದಿಗೆ ಹಚ್ಚಿದೆವು. ಕೊನೆಯ ಡೈ ಆಗಿ ಆರೇಳು ವಾರವಾಗಿದ್ದರಿಂದ ನರೆ ಕಾಣುತ್ತಿದ್ದ ಪಟ್ಟಿ ಒಂದೂವರೆ ಸೆಂಟಿಮೀಟರ್‌ನಷ್ಟಿತ್ತು. ಬ್ರಶ್ ಅದರ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದೇ ಈ ಕೆಲಸದ ಕಷ್ಟ, ಏಕೆಂದರೆ ಹಳೆಯ ಮತ್ತು ಹೊಸ ಕೂದಲು ಸೇರುವ ಗೆರೆಯಲ್ಲಿ ರಾಸಾಯನಿಕ ಮತ್ತೆ ಮತ್ತೆ ಬಿದ್ದರೆ ಕೂದಲು ಅಲ್ಲಿಯೇ ತುಂಡಾಗುತ್ತದೆ. 25 ನಿಮಿಷ ಇಟ್ಟು ತೊಳೆದೆವು.

6 ಶೇಕಡಾ ಡೆವಲಪರ್‌ನ ಶಾಶ್ವತ ಬಣ್ಣ ಹಚ್ಚಿದ್ದರೆ ನರೆ ಇನ್ನೂ ಪೂರ್ತಿಯಾಗಿ ಮುಚ್ಚುತ್ತಿತ್ತು ಎಂಬುದನ್ನು ಅವರಿಗೆ ಮೊದಲೇ ತಿಳಿಸಿದ್ದೆ. ಡೆಮಿ ಬಣ್ಣ ನರೆಯನ್ನು ಮರೆಮಾಡುವುದಕ್ಕಿಂತ ಸುತ್ತಲಿನ ಕೂದಲಿನೊಂದಿಗೆ ಬೆರೆಸುತ್ತದೆ. ಇವರ ನರೆ ಕಣತಲೆಯಲ್ಲಿಯೂ ಕಾಲುಭಾಗಕ್ಕಿಂತ ಹೆಚ್ಚಿರಲಿಲ್ಲವಾದ್ದರಿಂದ ಅಷ್ಟು ಸಾಕಿತ್ತು. ತಲೆ ಮುಕ್ಕಾಲು ನರೆತವರಿಗೆ ಇದು ಸಾಲುತ್ತಿರಲಿಲ್ಲ.

ನಡುವಿನ ಮತ್ತು ತುದಿಯ ತಾಮ್ರಛಾಯೆಗೆ ಪೆರಾಕ್ಸೈಡ್ ಬೇಡದ, ಕಂಡೀಷನರ್‌ನಂತೆ ಹಚ್ಚುವ ಸೆಮಿ ಪರ್ಮನೆಂಟ್ ಕಂದು ಬಣ್ಣವನ್ನು ಬಳಸಿದೆವು. ಅದು ಕೂದಲಿನ ಕೊಂಡಿಗಳನ್ನು ಮುಟ್ಟುವುದಿಲ್ಲ, ಮೇಲಿನ ಪದರಗಳಲ್ಲಿ ಕೂತು ಪ್ರತಿ ಸ್ನಾನಕ್ಕೂ ಸ್ವಲ್ಪ ಸ್ವಲ್ಪ ಇಳಿದುಹೋಗುತ್ತದೆ. ತುದಿಗಳು ಬೇಗ ಹೀರುತ್ತವೆಂದು ಗೊತ್ತಿದ್ದರಿಂದ ನಡುಭಾಗಕ್ಕೆ ಮೊದಲು ಹಚ್ಚಿ, ಕೊನೆಯ ಕೆಲವು ನಿಮಿಷ ಮಾತ್ರ ತುದಿಗೆ ಎಳೆದೆವು. ಹೈಲೈಟ್ಸ್ ಆಸೆಗೆ ಮದುವೆಯ ದಿನ ಕ್ಲಿಪ್ ಹಾಕುವ ಜೇನುಬಣ್ಣದ ನಾಲ್ಕು ಎಳೆಗಳನ್ನು ಜಡೆಯೊಳಗೆ ಸೇರಿಸಿಕೊಂಡರು. ಫೋಟೋಗಳಲ್ಲಿ ಅದು ಹೇಗೆ ಬಂದಿತ್ತೆಂದು ಆಮೇಲೆ ತೋರಿಸಿದಾಗ ನನಗೂ ಸಂತೋಷವಾಯಿತು.

ಮುಂದಿನ ಆರು ತಿಂಗಳು

ಸೆಮಿ ಬಣ್ಣ ನಿರೀಕ್ಷಿಸಿದಂತೆ ಒಂದು ತಿಂಗಳೊಳಗೆ ಬಹುಪಾಲು ಇಳಿಯಿತು. ಅದನ್ನು ಮತ್ತೆ ಹಚ್ಚಲು ಅಂತರದ ಚಿಂತೆಯಿಲ್ಲ. ಬುಡದ ಡೆಮಿ ಬಣ್ಣವನ್ನು ಏಳೆಂಟು ವಾರಕ್ಕೊಮ್ಮೆ, ಹೊಸದಾಗಿ ಬೆಳೆದ ಪಟ್ಟಿಗೆ ಮಾತ್ರ ಮಾಡುತ್ತ ಬಂದೆವು, ಮನೆಡೈ ನಿಂತಿತು. ಆದರೆ ಎರಡನೇ ತಿಂಗಳ ಹೊತ್ತಿಗೆ ತುದಿಗಳು ಸೀಳಿ ಗಿಡ್ಡ ತುಂಡುಗಳು ಹೆಚ್ಚಾದವು. ನಾವು ಹಚ್ಚಿದ ಬಣ್ಣದಲ್ಲಿ ಪೆರಾಕ್ಸೈಡ್ ಆ ಭಾಗಕ್ಕೆ ತಾಗಿರಲಿಲ್ಲ. ಎರಡನೇ ರೀಬಾಂಡಿಂಗ್ ಕ್ರೀಮ್ ತುದಿಯವರೆಗೆ ಹೋದದ್ದರ ಫಲ ಅದು ಎಂದು ಹೇಳಲು ಸಾಧ್ಯವಾದದ್ದು ಮೊದಲ ದಿನದ ಪರೀಕ್ಷೆಯಲ್ಲಿಯೇ ಆ 15 ಸೆಂಟಿಮೀಟರ್‌ನ ದೌರ್ಬಲ್ಯ ದಾಖಲಾಗಿದ್ದರಿಂದ. ಎರಡು ಸಲದಲ್ಲಿ ಸುಮಾರು 12 ಸೆಂಟಿಮೀಟರ್ ಕತ್ತರಿಸಿದೆವು. ಮಾಸ್ಕ್, ಸೀರಮ್, ಬಾಂಡ್ ಬಿಲ್ಡರ್ ಎಂದು ಮಾರಾಟವಾಗುವ ಉತ್ಪನ್ನಗಳು ಕೂದಲನ್ನು ನಯವಾಗಿ, ಬಾಚಲು ಸುಲಭವಾಗಿ ಇಡಬಲ್ಲವು. ಒದ್ದೆಯಲ್ಲಿ ಹಿಗ್ಗಿ ತುಂಡಾಗುವ ಹಂತಕ್ಕೆ ಬಂದ ತುದಿಯನ್ನು ಅವು ಮೊದಲಿನಂತೆ ಮಾಡಿದ್ದನ್ನು ನಾನು ಕಂಡಿಲ್ಲ.

ಆರನೇ ತಿಂಗಳಿಗೆ ಬುಡದಲ್ಲಿ ಆರು ಸೆಂಟಿಮೀಟರ್‌ನಷ್ಟು ಸಹಜ ಅಲೆಗೂದಲು ಬಂದಿತ್ತು. ನೇರ ಕೂದಲಿನ ಮೇಲೆ ಅದು ಎದ್ದು ಕಾಣುತ್ತಿದ್ದುದರಿಂದ ಮತ್ತೆ ರೀಬಾಂಡಿಂಗ್ ಯಾವಾಗ ಎಂದು ಅವರು ಕೇಳಿದರು. ಹೊಸ ಕೂದಲು ಕನಿಷ್ಠ ಎಂಟು ಸೆಂಟಿಮೀಟರ್ ಆಗುವವರೆಗೆ ಬೇಡ ಎಂದೆ. ಪಟ್ಟಿ ಕಿರಿದಾಗಿದ್ದರೆ ಕ್ರೀಮ್ ಹಳೆಯ ಕೂದಲಿಗೆ ಹರಿಯದಂತೆ ತಡೆಯುವುದು ಕಷ್ಟ, ಇಸ್ತ್ರಿಯನ್ನೂ ಅಷ್ಟರಲ್ಲೇ ನಿಲ್ಲಿಸಲಾಗುವುದಿಲ್ಲ. ಅಂದರೆ ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ಎಂಟು ಒಂಬತ್ತು ತಿಂಗಳು. ಆ ಹೊಸ ಪಟ್ಟಿಯೂ ಈಗ ಬಣ್ಣ ಕಂಡ ಕೂದಲೇ. ಹಾಗಾಗಿ ಕೊನೆಯ ಬಣ್ಣಕ್ಕೂ ಕ್ರೀಮಿಗೂ ಎರಡು ವಾರಕ್ಕಿಂತ ಹೆಚ್ಚಿನ ಅಂತರ ಬೇಕು, ಬಣ್ಣದ ಕೂದಲಿಗೆಂದೇ ಇರುವ ಮೆದು ಕ್ರೀಮನ್ನೇ ಬಳಸಬೇಕು, ಮತ್ತು ಅದಕ್ಕೂ ಮೊದಲು ಜೊಂಪೆಯ ಪರೀಕ್ಷೆ ಮತ್ತೆ ಆಗಬೇಕು. ಕ್ರೀಮ್ ಆದ ಮೇಲೆ ಬುಡಕ್ಕೆ ಬಣ್ಣ ಮತ್ತೆ ಬರುವುದು ನೆತ್ತಿ ನೋಡಿ, ಎರಡು ವಾರಕ್ಕೆ ಕಡಿಮೆಯಿಲ್ಲದಂತೆ.

ಇವರ ಕೂದಲಿಗೆ ರಿಲ್ಯಾಕ್ಸರ್ ಆಗಿದ್ದರೆ ಈ ಮಾತು ಪೂರ್ತಿ ಬದಲಾಗುತ್ತಿತ್ತು. ಹೈಡ್ರಾಕ್ಸೈಡ್ ಗಂಧಕದ ಕೊಂಡಿಯನ್ನು ಬಿಚ್ಚಿ ಮತ್ತೆ ಬೆಸೆಯುವುದಿಲ್ಲ, ಅದನ್ನು ಲ್ಯಾಂಥಿಯೊನೀನ್ ಎಂಬ ಬೇರೆಯದೇ ಕೊಂಡಿಯಾಗಿ ಶಾಶ್ವತವಾಗಿ ಬದಲಿಸುತ್ತದೆ. ಅಂಥ ಕೂದಲಿನ ಮೇಲೆ ರೀಬಾಂಡಿಂಗ್‌ನ ಥಯೋಗ್ಲೈಕೋಲೇಟ್ ಕ್ರೀಮ್ ಎಂದೂ ಹಚ್ಚಬಾರದು, ಎಷ್ಟು ತಿಂಗಳು ಕಾದರೂ ಆ ನಿಷೇಧ ತೆಗೆಯುವಂತಿಲ್ಲ. ಕೆರಾಟಿನ್ ಬಗೆಯದರಲ್ಲಿ ಅಪಾಯ ಬೇರೆ ರೀತಿಯದು. ಗ್ಲೈಆಕ್ಸಿಲಿಕ್ ಆಮ್ಲವಿರುವ ದ್ರವಗಳು ಇಸ್ತ್ರಿಯ ಬಿಸಿಗೆ ಕೂದಲಿನ ಬಣ್ಣವನ್ನೇ ತಿಳಿಗೊಳಿಸುವುದರಿಂದ, ಛಾಯೆ ಸರಿಪಡಿಸುವ ಬಣ್ಣವನ್ನು ಎರಡು ವಾರ ಬಿಟ್ಟು ನಂತರ ಹಚ್ಚುವುದೇ ಮೇಲು.

ಹೈಲೈಟ್ಸ್ ಬಗ್ಗೆ ಅವರು ಕೊನೆಗೊಮ್ಮೆ ನೇರವಾಗಿ ಕೇಳಿದರು: ಯಾವಾಗಲಾದರೂ ಸಾಧ್ಯವೇ? ರೀಬಾಂಡಿಂಗ್ ಇಲ್ಲಿಗೇ ನಿಲ್ಲಿಸಿದರೆ, ಭುಜದವರೆಗಿನ ಸುಮಾರು 30 ಸೆಂಟಿಮೀಟರ್ ಕೂದಲು ಹೊಸದಾಗಿ ಬರಲು ಎರಡೂವರೆ ವರ್ಷ ಬೇಕು, ಹಳೆಯದನ್ನು ಅಷ್ಟರಲ್ಲಿ ಹಂತಹಂತವಾಗಿ ಕತ್ತರಿಸಿರಬೇಕು, ಬುಡದ ಬಣ್ಣವೂ ಅದುವರೆಗೆ ಮೆದು ಬಗೆಯದೇ ಆಗಿರಬೇಕು. ರೀಬಾಂಡಿಂಗ್ ಮುಂದುವರಿಸಿದರೆ ಬ್ಲೀಚ್‌ಗೆ ಯೋಗ್ಯವಾದ ಕೂದಲು ಅವರ ತಲೆಯಲ್ಲಿ ಎಂದೂ ಇರುವುದಿಲ್ಲ. ಅವರು ಮನೆಯಲ್ಲಿ ಯೋಚಿಸಿ, ಬೆಳಿಗ್ಗೆ ಶಾಲೆಗೆ ಹೊರಡುವ ಅವಸರದಲ್ಲಿ ಬಾಚಿಕೊಳ್ಳಲು ನೇರ ಕೂದಲೇ ಅನುಕೂಲವೆಂದು ರೀಬಾಂಡಿಂಗ್ ಮತ್ತು ಬುಡದ ಡೆಮಿ ಬಣ್ಣವನ್ನು ಉಳಿಸಿಕೊಂಡರು. ಮುಂದಿನ ಜೊಂಪೆ ಪರೀಕ್ಷೆಯನ್ನು ಒಂಬತ್ತನೇ ತಿಂಗಳಿಗೆ ಬರೆದಿಟ್ಟಿದ್ದೇವೆ.